ಗುರೂಜಿ ಇಷ್ಟವಾದರು, ಮುಂದೆ ಯಾವ ಸಿನಿಮಾ?

2025ರ ಜುಲೈಯಲ್ಲಿ ‘ಸು ಫ್ರಮ್ ಸೋ’ ಬಂದಾಗ ಮಂಗಳೂರು, ಉಡುಪಿ ಕಡೆ ಎಷ್ಟೋ ಜನ ಒಂದೇ ಪ್ರಶ್ನೆ ಕೇಳಿದರು. “ಆ ಕರುಣಾಕರ ಗುರೂಜಿ ಮಾಡಿದವರದ್ದು ಬೇರೆ ಯಾವ ಸಿನಿಮಾ ಉಂಟು ಮಾರಾಯ್ರೆ?” ರಾಜ್ ಬಿ. ಶೆಟ್ಟಿ ಎಂಬ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಆದರೆ ಅವರ ಒಂದೇ ಒಂದು ಪಾತ್ರ ನೋಡಿ ಮೆಚ್ಚಿಕೊಂಡವರು ಜಾಸ್ತಿ. ಮುಂದೆ ಏನು ನೋಡಬೇಕು ಅಂತ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದ್ದು. ಒಬ್ಬರು “ಗರುಡ ಗಮನ ನೋಡು, ಅದನ್ನು ಬಿಟ್ಟರೆ ಇಲ್ಲ” ಅನ್ನುತ್ತಾರೆ. ಇನ್ನೊಬ್ಬರು “ನಗಬೇಕಾದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಉಂಟಲ್ಲ” ಅನ್ನುತ್ತಾರೆ.

ಎರಡರಲ್ಲೂ ಒಂದು ತೊಂದರೆ ಇದೆ. ಗುರೂಜಿಗೆ ನಕ್ಕವರು ಮಾರನೇ ದಿನವೇ ರಕ್ತ ಹರಿಯುವ ‘ಗರುಡ ಗಮನ ವೃಷಭ ವಾಹನ’ದ ಮುಂದೆ ಕೂತರೆ, “ಇದು ಬೇರೆಯೇ ಮನುಷ್ಯ” ಅನ್ನಿಸುತ್ತದೆ, ಅಷ್ಟೇ. ಯಾವುದು ಬದಲಾಯಿತು, ಯಾವುದು ಉಳಿಯಿತು ಅಂತ ಹಿಡಿಯಲು ಆಗುವುದಿಲ್ಲ. ಕಥೆ, ಬೆಳಕು, ಸಂಗೀತ, ಮಾತು ಎಲ್ಲವೂ ಒಟ್ಟಿಗೆ ಬದಲಾಗಿರುತ್ತವೆ. ಇನ್ನೊಂದು ಹಾಸ್ಯ ಚಿತ್ರಕ್ಕೆ ಹೋದರೆ ಅದರ ಉಲ್ಟಾ. ಹೆಚ್ಚೇನೂ ಬದಲಾಗದೆ, “ಇವರು ಮಾಡುವುದೇ ಇದು” ಎಂಬ ತೀರ್ಮಾನಕ್ಕೆ ಬಂದುಬಿಡುತ್ತೇವೆ.

ನಾನು ಹೇಳುವ ದಾರಿ ಸುಲಭ. ಮೆಚ್ಚಿದ ಪಾತ್ರದಿಂದ ಹೊರಟು, ಪ್ರತಿ ಚಿತ್ರದಲ್ಲೂ ಆದಷ್ಟು ಒಂದೇ ಒಂದು ವಿಷಯ ಬದಲಾಗುವ ಹಾಗೆ ಮುಂದೆ ಹೋಗಿ. ಯಕ್ಷಗಾನ ನೋಡುವವರಿಗೆ ಇದು ಹೊಸದಲ್ಲ. ಒಬ್ಬ ಕಲಾವಿದರ ಕರ್ಣ ಇಷ್ಟವಾದರೆ, ಅದೇ ಪ್ರಸಂಗದಲ್ಲಿ ಅವರು ಅರ್ಜುನ ಮಾಡುವ ದಿನ ಹುಡುಕಿಕೊಂಡು ಹೋಗುತ್ತೇವೆ. ಕಥೆ ಅದೇ, ಪದ್ಯವೂ ಅದೇ. ಹಾಗಾಗಿ ಕಲಾವಿದರು ಏನು ಮಾಡಿದರು ಎನ್ನುವುದು ನಿಚ್ಚಳವಾಗಿ ಕಾಣುತ್ತದೆ. ಸಿನಿಮಾದಲ್ಲಿ ಅಷ್ಟು ಅನುಕೂಲ ಸಿಗುವುದಿಲ್ಲ. ಆದರೆ ರಾಜ್ ಅವರ ಚಿತ್ರಗಳಲ್ಲಿ ಹೆಚ್ಚುಕಮ್ಮಿ ಹಾಗೆಯೇ ಹೋಲಿಸಲು ಬರುವ ಒಂದೆರಡು ಜೋಡಿಗಳಿವೆ. ಅದಕ್ಕೇ ಅವರನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ.

ಮೊದಲು ಗುರೂಜಿಯನ್ನೇ ಇನ್ನೊಮ್ಮೆ

ಥಿಯೇಟರಿನಲ್ಲಿ ನೋಡಿ ಮೆಚ್ಚಿದ್ದರೆ, ಬೇರೆ ಚಿತ್ರ ಹುಡುಕುವ ಮೊದಲು ಅದೇ ಪಾತ್ರವನ್ನು ಮನೆಯಲ್ಲಿ ಒಬ್ಬರೇ ಕೂತು ನೋಡಿ. ಇಡೀ ಸಿನಿಮಾ ಬೇಡ, ಗುರೂಜಿ ಇರುವ ದೃಶ್ಯಗಳು ಸಾಕು. ಕಾರಣ ಇಷ್ಟೆ: ತುಂಬಿದ ಹಾಲ್‌ನಲ್ಲಿ ನಗು ಅಂಟುತ್ತದೆ. ಪಕ್ಕದ ಸಾಲಿನವರು ಹೊಟ್ಟೆ ಹಿಡಿದು ನಗುವಾಗ ನಮಗೂ ನಗು ಬರುತ್ತದೆ. ಅದರಲ್ಲಿ ನಟನ ಪಾಲೆಷ್ಟು, ಜನರ ಪಾಲೆಷ್ಟು ಗೊತ್ತಾಗುವುದಿಲ್ಲ. ಕರಾವಳಿಯ ಊರಿನ ಕಥೆ ಅಂದ ಮೇಲೆ ನಮ್ಮೂರಿನ ಥಿಯೇಟರುಗಳಲ್ಲಿ ಆ ಗೌಜಿ ಇನ್ನೂ ಜಾಸ್ತಿಯೇ ಇತ್ತು ಅಲ್ವಾ?

ಮನೆಯಲ್ಲಿ ನೋಡಿದ ಮೇಲೂ ಖುಷಿ ಕೊಟ್ಟದ್ದು ಯಾವುದು ಅಂತ ಎರಡು ಸಾಲು ಬರೆದುಕೊಳ್ಳಿ. ‘ಸೂಪರ್’, ‘ನ್ಯಾಚುರಲ್’ ಅಂತ ಬರೆದರೆ ಏನೂ ಉಪಯೋಗವಿಲ್ಲ. ಏನು ಮಾಡಿದರು ಎನ್ನುವುದನ್ನು ಬರೆಯಿರಿ. ಉದಾಹರಣೆಗೆ, “ದೊಡ್ಡ ಜನ ಅನ್ನುವ ಗತ್ತನ್ನು ಮುಖದಲ್ಲಿ ಹಿಡಿದಿಟ್ಟುಕೊಂಡೇ ಇರುತ್ತಾರೆ, ಸುತ್ತ ಏನೇ ಆಗಲಿ.” ಅಥವಾ, “ನಗಿಸುವ ಮಾತನ್ನು ನಗಿಸುವ ಮಾತು ಅಂತ ತೋರಿಸಿಕೊಳ್ಳದೆ ಹೇಳುತ್ತಾರೆ.” ಈ ಎರಡು ಸಾಲೇ ನಿಮ್ಮ ಅಳತೆಗೋಲು. ಮುಂದಿನ ಚಿತ್ರಗಳಲ್ಲಿ ಹುಡುಕಬೇಕಾದದ್ದು ಇದನ್ನೇ. ಗತ್ತು ಇಲ್ಲದ ಪಾತ್ರ ಮಾಡುತ್ತಾರಾ? ನಗಿಸುವ ಹಂಗೇ ಇಲ್ಲದಿದ್ದರೆ ಹೇಗಿರುತ್ತಾರೆ? ಮಾತೇ ಇಲ್ಲದಿದ್ದರೆ?

ಇನ್ನೊಂದು ವಿಷಯ. ಆ ಚಿತ್ರ ಬರೆದು ನಿರ್ದೇಶಿಸಿದವರು ಜೆ.ಪಿ. ತುಮಿನಾಡು. ಕಥೆಯ ಭಾರ ಹೊತ್ತವರು ಅಶೋಕನ ಪಾತ್ರದಲ್ಲಿ ಅವರೇ, ಮತ್ತೆ ರವಿಯಣ್ಣನಾಗಿ ಶನೀಲ್ ಗೌತಮ್. ಕಥೆ ಸಾಕಷ್ಟು ಮುಂದೆ ಬಂದ ಮೇಲೆ ಗುರೂಜಿ ಬರುತ್ತಾರೆ. ಅಷ್ಟರಲ್ಲಿ ನಾವು ಆ ಊರಿಗೆ, ಆ ಜನಕ್ಕೆ ಒಗ್ಗಿಹೋಗಿರುತ್ತೇವೆ. ಹಸನಾದ ನೆಲದಲ್ಲಿ ಬಂದು ನಿಂತ ಪಾತ್ರ ಅದು. ಚಿಕ್ಕ ಪಾತ್ರ ಮೆಚ್ಚಿಕೊಂಡು ಅದೇ ನಟನ ದೊಡ್ಡ ಪಾತ್ರಕ್ಕೆ ಹೋದಾಗ ಕೆಲವರಿಗೆ ಸಪ್ಪೆ ಅನ್ನಿಸುವುದು ಇದರಿಂದಲೇ. ಅಲ್ಲಿ ಆ ನೆಲವನ್ನು ಹಸನು ಮಾಡುವ ಕೆಲಸವೂ ಅವರ ಮೇಲೆಯೇ ಇರುತ್ತದೆ.

ಒಂದು ಹಾಳೆ, ಮೂರು ಕಾಲಂ

ಈಗ ನಟನ ಚಿತ್ರಗಳ ಪಟ್ಟಿ ತೆಗೆಯಿರಿ. ರೇಟಿಂಗ್ ನೋಡಿ ಮೇಲಿನ ಐದನ್ನು ಆರಿಸಬೇಡಿ. ರೇಟಿಂಗ್ ಹೇಳುವುದು ಚಿತ್ರದ ಬಗ್ಗೆ, ನಟನ ಬಗ್ಗೆ ಅಲ್ಲ. ಪ್ರತಿ ಚಿತ್ರದ ಎದುರು ಮೂರು ವಿಷಯ ಬರೆಯಿರಿ: ಪಾತ್ರವನ್ನು ಬರೆದವರು ಯಾರು, ನಾಯಕನ ಪಾತ್ರವೋ ಪೋಷಕ ಪಾತ್ರವೋ, ಪಾತ್ರ ಮಾತಿನದ್ದೋ ಮೌನದ್ದೋ.

ರಾಜ್ ಅವರ ವಿಷಯದಲ್ಲಿ ಮೊದಲ ಕಾಲಂ ತುಂಬಾ ಮುಖ್ಯ. ಅವರು ಬರೆಯುತ್ತಾರೆ, ನಿರ್ದೇಶಿಸುತ್ತಾರೆ, ನಟಿಸುತ್ತಾರೆ. ‘ಒಂದು ಮೊಟ್ಟೆಯ ಕಥೆ’ (2017), ‘ಗರುಡ ಗಮನ ವೃಷಭ ವಾಹನ’ (2021), ‘ಸ್ವಾತಿ ಮುತ್ತಿನ ಮಳೆ ಹನಿಯೇ’ (2023) ಮೂರೂ ಅವರೇ ಬರೆದು ನಿರ್ದೇಶಿಸಿದವು. ತನಗೆ ಏನು ಒಗ್ಗುತ್ತದೆ ಅಂತ ಗೊತ್ತಿರುವವರು ತನಗಾಗಿ ಬರೆದುಕೊಂಡ ಪಾತ್ರದಲ್ಲಿ ಗೆಲ್ಲುವುದು ಒಂದು ಮಾತು. ಬೇರೆಯವರು ಬರೆದದ್ದಕ್ಕೆ ತನ್ನನ್ನು ಒಗ್ಗಿಸಿಕೊಳ್ಳುವುದು ಇನ್ನೊಂದು ಮಾತು. ಹಾಗಾಗಿ ನಿಮ್ಮ ಆಯ್ಕೆಯಲ್ಲಿ ಎರಡೂ ಇರಬೇಕು. ಬರೀ ಅವರದ್ದೇ ಚಿತ್ರ ನೋಡಿ “ಏನು ಬೇಕಾದರೂ ಮಾಡುತ್ತಾರೆ” ಅಂದರೆ, ನೀವು ಮೆಚ್ಚಿದ್ದು ಬರಹಗಾರನನ್ನೂ ಆಗಿರಬಹುದು.

ಒಟ್ಟು ಐದು ಚಿತ್ರ ಸಾಕು. ಅದಕ್ಕಿಂತ ಜಾಸ್ತಿ ನೋಡಿದರೆ ತಪ್ಪೇನೂ ಇಲ್ಲ, ಆದರೆ ನೆನಪು ಕಲಸಿಹೋಗುತ್ತದೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಎರಡು ಮೂರು ದಿನ ಬಿಡಿ.

ಮೊದಲನೆಯದು: ನಗು ಇರಲಿ, ಗತ್ತು ಹೋಗಲಿ

‘ಒಂದು ಮೊಟ್ಟೆಯ ಕಥೆ’ಯಿಂದ ಶುರು ಮಾಡಿ. ಊರು ನಮ್ಮ ಮಂಗಳೂರೇ, ಮಾತು ನಮ್ಮ ಕನ್ನಡವೇ, ನಗುವೂ ಇದೆ. ಬದಲಾಗುವುದು ಪಾತ್ರ ನಿಂತಿರುವ ಜಾಗ ಮಾತ್ರ. ಗುರೂಜಿ ಅಂದರೆ ಊರೇ ಕೈಮುಗಿಯುವ ಜನ. ಜನಾರ್ದನ ಅಂದರೆ ಬೋಳು ತಲೆಯ ಕನ್ನಡ ಲೆಕ್ಚರರ್. ಮನೆಯಲ್ಲಿ ಹೆಣ್ಣು ಹುಡುಕುತ್ತಿದ್ದಾರೆ, ಹೆಣ್ಣು ಸಿಗುತ್ತಿಲ್ಲ. ಕ್ಲಾಸಿನಲ್ಲೂ ಮರ್ಯಾದೆ ಅಷ್ಟಕ್ಕಷ್ಟೆ. ಡಾ. ರಾಜ್‌ಕುಮಾರ್ ಅವರ ಅಭಿಮಾನಿ.

ಇಲ್ಲಿ ನೋಡಬೇಕಾದದ್ದು ಮುಖಕ್ಕಿಂತ ಹೆಚ್ಚು ಹೆಗಲು ಮತ್ತು ಕೈ. ಅವಮಾನ ಆದಾಗ ಜನಾರ್ದನ ಏನು ಹೇಳುತ್ತಾನೆ ಅನ್ನುವುದನ್ನು ಬಿಡಿ, ಕೈಗಳನ್ನು ಎಲ್ಲಿಡುತ್ತಾನೆ ನೋಡಿ. ಇನ್ನೊಂದು ಕೆಲಸ: ಅವನು ಕ್ಲಾಸಿನಲ್ಲಿ ಆಡುವ ಕನ್ನಡವನ್ನೂ ಹೊರಗೆ ಆಡುವ ಕನ್ನಡವನ್ನೂ ಬೇರೆ ಬೇರೆ ಕೇಳಿಸಿಕೊಳ್ಳಿ. ಬೆಂಗಳೂರಿನವರಿಗಿಂತ ಈ ವಿಷಯದಲ್ಲಿ ನಮ್ಮ ಕಿವಿ ಚುರುಕು. ಯಾವ ಮಾತು ಪುಸ್ತಕದ್ದು, ಯಾವುದು ಜಗಲಿಯದ್ದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಹೇಳಿದ ಹೋಲಿಕೆಯ ಜೋಡಿಗಳಲ್ಲಿ ಒಂದು ಇಲ್ಲೇ ಇದೆ. ಕಾಲೇಜಿನ ಅಟೆಂಡರ್ ಶ್ರೀನಿವಾಸನಾಗಿ ಮಾಡಿದವರು ಪ್ರಕಾಶ್ ತುಮಿನಾಡು. ‘ಸು ಫ್ರಮ್ ಸೋ’ದಲ್ಲೂ ಅವರಿದ್ದಾರೆ. ಅಂದರೆ ಅದೇ ಸಹನಟ, ಎಂಟು ವರ್ಷದ ಅಂತರ. ‘ಮೊಟ್ಟೆ’ಯಲ್ಲಿ ಇವರಿಬ್ಬರು ಒಟ್ಟಿಗಿರುವ ಒಂದು ದೃಶ್ಯ ಆರಿಸಿ, ಪ್ರಕಾಶ್ ಮಾತಾಡುವಾಗ ಅವರನ್ನು ನೋಡದೆ ರಾಜ್ ಅವರನ್ನೇ ನೋಡಿ. ಪ್ರಕಾಶ್ ಅವರ ಹಾಸ್ಯ ನಮ್ಮ ಕಡೆಯ ನಾಟಕ ನೋಡಿದವರಿಗೆ ಪರಿಚಯದ್ದು, ಕಣ್ಣು ತಾನಾಗಿಯೇ ಅವರ ಕಡೆ ಹೋಗುತ್ತದೆ. ಬಲವಂತವಾಗಿ ಬೇರೆ ಕಡೆ ನೋಡಬೇಕು. ನಗಿಸುವವರ ಎದುರು ಸುಮ್ನೆ ಕೇಳುತ್ತಾ ನಿಂತು ನಗುವನ್ನು ಹಾಳು ಮಾಡದಿರುವುದು ದೊಡ್ಡ ಕೆಲಸ. ಒಬ್ಬ ನಟ ಬರೀ ಮಾತಿನ ಮಲ್ಲನೋ ಅಲ್ಲವೋ ಅಂತ ಗೊತ್ತಾಗುವುದು ಇಂಥ ಕಡೆ.

ಈ ಚಿತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಜನಾರ್ದನನ ಸಣ್ಣತನವನ್ನು ಮುಚ್ಚಿಡದ ರೀತಿ. ತನ್ನ ತಲೆ ನೋಡಿ ಜನ ಮುಖ ತಿರುಗಿಸಿದರೆ ನೋಯುವವನು, ದಪ್ಪಗಿರುವ ಹುಡುಗಿಯ ಎದುರು ತಾನೂ ಹಾಗೇ ನಡೆದುಕೊಳ್ಳುತ್ತಾನೆ. ನಾಯಕನ ಪಾತ್ರದಲ್ಲಿ ಇರುವವರು ಇಂಥ ಕಡೆ ಸ್ವಲ್ಪ ಮುದ್ದಾಗಿ ಕಾಣಿಸಿಕೊಂಡು ತಪ್ಪಿಸಿಕೊಳ್ಳುವುದುಂಟು. ಇಲ್ಲಿ ಹಾಗಾಗಿದೆಯಾ ಇಲ್ಲವಾ, ನೀವೇ ನೋಡಿ.

ಎರಡನೆಯದು: ಊರು ಇರಲಿ, ನಗು ಹೋಗಲಿ

ಈಗ ‘ಗರುಡ ಗಮನ’. ಮತ್ತೆ ಮಂಗಳೂರೇ, ಮಂಗಳಾದೇವಿ ಪರಿಸರ. ರಿಷಬ್ ಶೆಟ್ಟಿ ಹರಿಯಾಗಿ, ರಾಜ್ ಶಿವನಾಗಿ. ಪೊಲೀಸ್ ಬ್ರಹ್ಮಯ್ಯನ ಪಾತ್ರದಲ್ಲಿ ಗೋಪಾಲಕೃಷ್ಣ ದೇಶಪಾಂಡೆ. ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲ, ಹೊಡೆದಾಟ, ಕೊಲೆ ಎಲ್ಲ ಹಸಿಹಸಿಯಾಗಿದೆ.

ಶಿವ ಹೆಚ್ಚು ಮಾತಾಡುವವನಲ್ಲ. ಹುಡುಗರ ಜೊತೆ ಕ್ರಿಕೆಟ್ ಆಡುತ್ತಾನೆ, ಹರಿಗಾಗಿ ಏನು ಬೇಕಾದರೂ ಮಾಡುತ್ತಾನೆ. ಜನಾರ್ದನನಲ್ಲಿ ಕಂಡ ಮುದುಡಿಕೊಳ್ಳುವ ದೇಹ ಇಲ್ಲಿ ಎಲ್ಲಿಗೆ ಹೋಯಿತು ಅಂತ ಹುಡುಕುವುದೇ ನಿಮ್ಮ ಕೆಲಸ. ಅದಕ್ಕೆ ಹುಲಿವೇಷದ ಕುಣಿತದ ದೃಶ್ಯವನ್ನು ಹೀಗೆ ನೋಡಿ.

ಮೊದಲ ಸಲ ಹಾಗೇ ನೋಡಿ. ಕೊಲೆಯ ಬೆನ್ನಿಗೇ ಶಿವ ಹುಲಿ ಕುಣಿತ ಕುಣಿಯುತ್ತಾನೆ. ಹಿನ್ನೆಲೆಯಲ್ಲಿ ಮಾದಪ್ಪನ ಹಾಡು, ‘ಸೋಜುಗಾದ ಸೂಜು ಮಲ್ಲಿಗೆ’. ಮೈ ಜುಮ್ ಅನ್ನುತ್ತದೆ. ಆದರೆ ಆ ಜುಮ್ ಅನ್ನಿಸಿದ್ದರಲ್ಲಿ ಹಾಡಿನ ಪಾಲು ತುಂಬಾ ದೊಡ್ಡದು. ಎರಡನೇ ಸಲ ಸೌಂಡ್ ಪೂರ್ತಿ ತೆಗೆದು ನೋಡಿ. ಈಗ ಕಾಲು ಮಾತ್ರ ಕಾಣುತ್ತದೆ. ನವರಾತ್ರಿಗೆ ತಾಸೆ ಪೆಟ್ಟಿಗೆ ಹುಲಿ ಕುಣಿಯುವುದನ್ನು ಸಣ್ಣದರಿಂದ ನೋಡಿದವರು ನಾವು. ಸದ್ದಿಲ್ಲದಿದ್ದರೂ ಆ ಪೆಟ್ಟು ತಲೆಯೊಳಗೆ ಕೇಳುತ್ತದೆ. ಆ ಕಾಲು ತಾಸೆಗೆ ಬೀಳುತ್ತಿದೆಯೋ ಹಾಡಿಗೆ ಬೀಳುತ್ತಿದೆಯೋ ನೋಡಿ. ಕುಣಿಯುವವನ ಮುಖದಲ್ಲಿ ಸಿಟ್ಟು ಇದೆಯಾ, ಸಂತೋಷ ಇದೆಯಾ, ಅಥವಾ ಎರಡೂ ಇಲ್ಲದ ಇನ್ನೊಂದೇನಾದರೂ ಇದೆಯಾ? ಮೂರನೇ ಸಲ, ಕುಣಿತ ಶುರುವಾಗುವ ಮೊದಲಿನ ಅರ್ಧ ನಿಮಿಷವನ್ನು ಮಾತ್ರ ನೋಡಿ. ದೇಹ ಬದಲಾಗುವ ಗಳಿಗೆ ಅದು. ನನ್ನ ಲೆಕ್ಕದಲ್ಲಿ ಇಡೀ ಪಾತ್ರದ ಬೀಗದಕೈ ಅಲ್ಲಿದೆ. ಮಾತಾಡಲು ಬಾರದ್ದನ್ನು ಶಿವ ಕುಣಿದು ಹೇಳುತ್ತಾನೆ. ಕ್ರಿಕೆಟ್ ಆಡುವಾಗಲೂ ಆ ದೇಹಕ್ಕೆ ಅದೇ ಬಿಡುಗಡೆ.

ಈ ದೃಶ್ಯ ರೀಲ್ಸ್‌ನಲ್ಲಿ ಲೆಕ್ಕವಿಲ್ಲದಷ್ಟು ಓಡಿದೆ. ಅಲ್ಲಿ ನೋಡಿದ್ದನ್ನೇ ನೋಡಿದ ಲೆಕ್ಕಕ್ಕೆ ಹಾಕಬೇಡಿ. ಹಿಂದಿನ ದೃಶ್ಯ ಇಲ್ಲದಿದ್ದರೆ ಅದು ಚೆಂದದ ಡ್ಯಾನ್ಸ್ ಮಾತ್ರ.

ಮೂರನೆಯದು: ತಂಡ ಅದೇ, ಮನುಷ್ಯ ಬೇರೆ

ಈ ಪಟ್ಟಿಯಲ್ಲಿ ಬಿಡಲೇಬಾರದ್ದು ಅಂತ ಒಂದಿದ್ದರೆ ಅದು ಈ ಜೋಡಿ. ‘ಗರುಡ ಗಮನ’ ಮತ್ತು ‘ಸ್ವಾತಿ ಮುತ್ತಿನ ಮಳೆ ಹನಿಯೇ’ ಎರಡಕ್ಕೂ ಬರಹ, ನಿರ್ದೇಶನ ರಾಜ್ ಅವರದ್ದೇ. ಎರಡಕ್ಕೂ ಕ್ಯಾಮೆರಾ ಪ್ರವೀಣ್ ಶ್ರೀಯಾನ್, ಸಂಗೀತ ಮಿಧುನ್ ಮುಕುಂದನ್. ಎರಡು ವರ್ಷದ ಅಂತರ. ಒಂದು ಕೊಲ್ಲುವವನ ಕಥೆ, ಇನ್ನೊಂದು ಸಾಯುತ್ತಿರುವವನ ಕಥೆ. ಸಂಗೀತ ಬೇರೆಯವರದ್ದು, ಕ್ಯಾಮೆರಾ ಬೇರೆಯವರದ್ದು, ಅದಕ್ಕೇ ನಟ ಬೇರೆ ಥರ ಕಂಡರು ಅಂತ ಹೇಳುವ ಅವಕಾಶವೇ ಇಲ್ಲಿಲ್ಲ. ಹೋಲಿಸಿ ನೋಡುವವರಿಗೆ ಇಂಥ ಅನುಕೂಲ ಅಪರೂಪಕ್ಕೆ ಸಿಗುವುದು.

ರಾಜ್ ಮಾಡಿದ ಅನಿಕೇತ್ ಇರುವುದು ಹಾಸ್ಪಿಸ್‌ನಲ್ಲಿ, ಅಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಜಾಗದಲ್ಲಿ. ಅಲ್ಲಿನ ಕೌನ್ಸೆಲರ್ ಪ್ರೇರಣಾ ಆಗಿ ಸಿರಿ ರವಿಕುಮಾರ್. ಹೆಚ್ಚಿನ ಭಾರ ಇಬ್ಬರ ಮಾತುಕತೆಯ ಮೇಲಿದೆ. ಓಡಾಟ ಇಲ್ಲ, ಹೊಡೆದಾಟ ಇಲ್ಲ, ಊರ ಗದ್ದಲ ಇಲ್ಲ.

ಇಲ್ಲಿ ಸೌಂಡ್ ತೆಗೆಯಬೇಡಿ, ಕಣ್ಣು ಮುಚ್ಚಿ. ಇಬ್ಬರು ಕೂತು ಮಾತಾಡುವ ಒಂದು ದೃಶ್ಯ ಆರಿಸಿ, ಬರೀ ಕೇಳಿ. ಶಿವನ ಮಾತು ಕಡಿಮೆ, ಅನಿಕೇತನ ಮಾತೂ ಹೆಚ್ಚಲ್ಲ. ಆದರೆ ಎರಡು ಮೌನ ಒಂದೇ ಥರದವಲ್ಲ. ಶಿವ ಸುಮ್ಮನಿರುವುದು ಹೇಳಲು ಬಾರದೆ. ಅನಿಕೇತ್ ಸುಮ್ಮನಿರುವುದು ಹೇಳಿ ಏನೂ ಆಗಬೇಕಾಗಿಲ್ಲ ಅಂತ. ಎದುರಿನವರು ಮಾತು ಮುಗಿಸಿದ ಮೇಲೆ ಇವನು ಎಷ್ಟು ಹೊತ್ತು ಬಿಟ್ಟು ಬಾಯಿ ತೆರೆಯುತ್ತಾನೆ, ಮಾತಿನ ಕೊನೆಯಲ್ಲಿ ದನಿ ಏಳುತ್ತದೋ ಇಳಿಯುತ್ತದೋ ಗಮನಿಸಿ. ಹಾಗೇ ಕರಾವಳಿಯ ರಾಗ ಎಲ್ಲಾದರೂ ನುಸುಳುತ್ತದಾ ಅಂತಲೂ ಕಿವಿಗೊಡಿ. ನುಸುಳಿದರೆ ತಪ್ಪು ಅಂತಲ್ಲ. ಆದರೆ ಮಂಗಳೂರಿನ ಕಥೆಯ ಎರಡು ಚಿತ್ರ ನೋಡಿದ ಮೇಲೆ, ಆ ರಾಗದ ಊರುಗೋಲು ಇಲ್ಲದೆ ಇವರು ಹೇಗೆ ನಡೆಯುತ್ತಾರೆ ಅನ್ನುವುದು ಗೊತ್ತಾಗಬೇಕಾದದ್ದೇ.

ಈ ಚಿತ್ರ ನಿಧಾನ. ನಿಧಾನ ಅನ್ನುವುದನ್ನೇ ಒಳ್ಳೆಯ ನಟನೆ ಅಂದುಕೊಳ್ಳುವ ಅಪಾಯವೂ ಇದೆ. ಮೆಲ್ಲಗೆ ಮಾತಾಡಿ, ದೂರ ನೋಡುತ್ತಾ ಕೂತರೆ ಯಾರಾದರೂ ಗಂಭೀರವಾಗಿ ಕಾಣುತ್ತಾರೆ. ಬೇರೆ ಮಾಡುವುದು ಹೇಗೆ? ದೃಶ್ಯ ಶುರುವಾದಾಗ ಅನಿಕೇತ್ ಇದ್ದ ಹಾಗೆಯೇ ದೃಶ್ಯ ಮುಗಿದಾಗಲೂ ಇದ್ದರೆ ಅದು ಬರೀ ಗಂಭೀರತೆ. ಪ್ರೇರಣಾ ಹೇಳಿದ ಯಾವುದೋ ಒಂದು ಮಾತು ಅವನಿಗೆ ತಾಗಿ, ಕೊನೆಗೆ ಕೂದಲೆಳೆಯಷ್ಟಾದರೂ ಬದಲಾಗಿದ್ದರೆ ಅದು ನಟನೆ. ನನಗೆ ಇದರಲ್ಲಿ ಎರಡೂ ಬಗೆಯ ದೃಶ್ಯಗಳು ಕಂಡಿವೆ. ಆದರೂ ಅವರ ಕೆಲಸದಲ್ಲಿ ನಾನು ಮೇಲಿಡುವುದು ಇದನ್ನೇ.

ನಾಲ್ಕನೆಯದು: ಮಾತೇ ಇಲ್ಲ

‘ಟೋಬಿ’ಯೂ 2023ರದ್ದೇ. ನಿರ್ದೇಶನ ಬಾಸಿಲ್ ಅಲ್ಚಲಕ್ಕಲ್ ಅವರದ್ದು, ಮೂಲ ಕಥೆ ಟಿ.ಕೆ. ದಯಾನಂದ್ ಅವರದ್ದು, ಚಿತ್ರಕಥೆಯಲ್ಲಿ ರಾಜ್ ಇದ್ದಾರೆ. ಟೋಬಿಗೆ ಮಾತು ಬರುವುದಿಲ್ಲ. ಅವನು ಸಾಕಿ ಬೆಳೆಸಿದ ಜೆನ್ನಿಯಾಗಿ ಚೈತ್ರಾ ಆಚಾರ್ ಇದ್ದಾರೆ.

ಒಂದು ಚಿತ್ರವಾಗಿ ‘ಟೋಬಿ’ ಎಲ್ಲರಿಗೂ ಹಿಡಿಸಲಿಲ್ಲ. ದ್ವಿತೀಯಾರ್ಧದ ಹಿಂಸೆಗೆ ಬಂದಾಗ ನನಗೂ ಅದು ಉದ್ದ ಅನ್ನಿಸಿತು. ಆದರೂ ಪಟ್ಟಿಯಲ್ಲಿ ಬೇಕು. ಗುರೂಜಿಯಲ್ಲಿ ಮೆಚ್ಚಿದ್ದರ ಅರ್ಧ ಭಾಗ ಮಾತು ಹೇಳುವ ರೀತಿ ಆಗಿದ್ದರೆ, ಆ ಅರ್ಧವನ್ನು ಕಿತ್ತುಕೊಂಡ ಮೇಲೆ ಏನು ಉಳಿಯುತ್ತದೆ ಅಂತ ಇಲ್ಲಿ ಕಾಣುತ್ತದೆ. ಎಡವಿದ ಚಿತ್ರದಲ್ಲಿ ನಟ ಹೇಗೆ ನಿಲ್ಲುತ್ತಾರೆ ಅನ್ನುವುದೂ ಗೊತ್ತಾಗುತ್ತದೆ. ಗೆದ್ದ ಚಿತ್ರದಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರಲ್ಲ.

ಇದನ್ನು ಶಿವನ ಪಕ್ಕದಲ್ಲಿಟ್ಟು ನೋಡಿ. ಇಬ್ಬರೂ ಕಡಿಮೆ ಮಾತಿನವರು, ಇಬ್ಬರೂ ಸಿಟ್ಟಿಗೆ ಕೈ ಎತ್ತುವವರು. ದೂರದೂರದ ಪಾತ್ರಗಳಿಗಿಂತ ಇಂಥ ಹತ್ತಿರದ ಪಾತ್ರಗಳಲ್ಲೇ ನಟನ ಗುಟ್ಟು ಹೊರಬೀಳುವುದು. ಹಾಸ್ಯದವನು ಖಳನಾದರೆ ವ್ಯತ್ಯಾಸ ಕುರುಡನಿಗೂ ಕಾಣುತ್ತದೆ. ಶಿವನಿಗೂ ಟೋಬಿಗೂ ಇರುವ ವ್ಯತ್ಯಾಸ ಹೇಳಬೇಕಾದರೆ ಹುಡುಕಬೇಕು. ಸಿಟ್ಟು ಮೊದಲು ಎಲ್ಲಿ ಕಾಣುತ್ತದೆ, ಕಣ್ಣಿನಲ್ಲೋ ಕತ್ತಿನಲ್ಲೋ ಕಾಲಿನಲ್ಲೋ? ಪ್ರೀತಿಸುವವರ ಹತ್ತಿರ ಬಂದಾಗ ದೇಹ ಸಡಿಲವಾಗುತ್ತದಾ? ಎರಡೂ ಕಡೆ ಒಂದೇ ಉತ್ತರ ಬಂದರೆ ಅದನ್ನೂ ಬರೆದಿಟ್ಟುಕೊಳ್ಳಿ. ಮತ್ತೆ ಮತ್ತೆ ಬರುವ ಅಭ್ಯಾಸಗಳು ಎಲ್ಲ ನಟರಿಗೂ ಇರುತ್ತವೆ. ಅವು ಎಲ್ಲಿ ಶುರುವಾಗುತ್ತವೆ ಅಂತ ಗೊತ್ತಾದರೆ ಇವರ ವ್ಯಾಪ್ತಿಯ ಬೇಲಿ ಎಲ್ಲಿದೆ ಅಂತಲೂ ಗೊತ್ತಾಗುತ್ತದೆ.

ಟೋಬಿಯ ಮೂಗುತಿ, ಗಡ್ಡ, ವೇಷ ನೋಡಿ “ಅಬ್ಬಾ ಎಷ್ಟು ಬದಲಾಗಿದ್ದಾರೆ” ಅನ್ನಬೇಡಿ. ಅದು ಮೇಕಪ್ಪಿನವರ, ವಸ್ತ್ರ ವಿನ್ಯಾಸದವರ ಕೆಲಸ. ಒಂದು ಸಣ್ಣ ಪರೀಕ್ಷೆ ಮಾಡಬಹುದು. ಟೋಬಿ ಬೆನ್ನು ತೋರಿಸಿ ನಡೆಯುವ ಅಥವಾ ದೂರದಿಂದ ಕಾಣುವ ಶಾಟ್ ಹುಡುಕಿ ನಿಲ್ಲಿಸಿ. ಮುಖ ಕಾಣದಿದ್ದರೂ ಇದು ಶಿವನಲ್ಲ, ಟೋಬಿ ಅಂತ ನಿಮಗೆ ಹೇಳಲು ಬಂದರೆ ಬದಲಾವಣೆ ಒಳಗಿನಿಂದ ಆಗಿದೆ ಅಂತ ಅರ್ಥ.

ಐದನೆಯದು: ಬೇರೆಯವರ ಅಂಗಳ

ಇಷ್ಟು ಹೊತ್ತು ನೋಡಿದ್ದೆಲ್ಲ ರಾಜ್ ಅವರ ಕೈಯಾಡಿದ ಬರಹ. ಈಗ ಅವರು ಬರೀ ನಟನಾಗಿ ಹೋದ ಚಿತ್ರ ಬೇಕು. ಎರಡು ಆಯ್ಕೆ ಕೊಡುತ್ತೇನೆ.

ಒಂದು, ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’ (2022). ರಕ್ಷಿತ್ ಶೆಟ್ಟಿ ನಾಯಕ ಧರ್ಮ, ರಾಜ್ ನಾಯಿಯ ಡಾಕ್ಟರ್. ಚಿಕ್ಕ ಪಾತ್ರ. ಗಮನವೆಲ್ಲ ನಾಯಿ ಮತ್ತು ಧರ್ಮನ ಮೇಲೆ ಇರಬೇಕು, ಡಾಕ್ಟರ್ ಅದನ್ನು ಕದಿಯಬಾರದು. ಗುರೂಜಿಯದ್ದೂ ಪೋಷಕ ಪಾತ್ರ, ಆದರೆ ಅಲ್ಲಿ ಗಮನ ಸೆಳೆಯುವುದೇ ಕೆಲಸ. ಈ ಎರಡನ್ನು ಹೋಲಿಸಿ ನೋಡಿ.

ಎರಡು, ಮಲಯಾಳಂನ ‘ಟರ್ಬೊ’ (2024). ನಿರ್ದೇಶನ ವೈಶಾಖ್, ಬರಹ ಮಿಧುನ್ ಮ್ಯಾನುಯೆಲ್ ಥಾಮಸ್. ಮಮ್ಮೂಟ್ಟಿ ಎದುರು ವೆಟ್ರಿವೇಲ್ ಷಣ್ಮುಗ ಸುಂದರಂ ಎಂಬ ಖಳನಾಗಿ ರಾಜ್. ಇದು ಪಕ್ಕಾ ಕಮರ್ಷಿಯಲ್ ಚಿತ್ರ, ಪಾತ್ರಕ್ಕೆ ಒಳಮನಸ್ಸು ಅಂತ ಬರೆದದ್ದು ಕಡಿಮೆ. ನಟನಿಗೆ ಸಿಗುವುದು ನಿಲ್ಲುವ ಭಂಗಿ, ನೋಟ, ನಾಯಕನಿಗೆ ಸಮಬಲ ಅನ್ನಿಸುವ ಭಾರ, ಅಷ್ಟೆ. ಹಾಗಾಗಿ ಶಿವನ ಆಳವನ್ನು ಇಲ್ಲಿ ಹುಡುಕಿ ನಿರಾಸೆ ಪಡಬೇಡಿ. ಮಮ್ಮೂಟ್ಟಿ ಪರದೆಯಲ್ಲಿರುವಾಗ ನಿಮ್ಮ ಕಣ್ಣು ಒಮ್ಮೆಯಾದರೂ ಖಳನ ಕಡೆ ಹೋಯಿತಾ ಅಂತ ಮಾತ್ರ ನೋಡಿ.

ಬೇರೆ ಭಾಷೆಯ ಚಿತ್ರಕ್ಕೆ ಹೋಗುವಾಗ ಒಂದು ಎಚ್ಚರಿಕೆ. ಒಟಿಟಿಯಲ್ಲಿ ಆಡಿಯೋ ತಾನಾಗಿಯೇ ಡಬ್ಬಿಂಗ್‌ಗೆ ಹೋಗಿರುವುದುಂಟು. ಸೆಟ್ಟಿಂಗ್‌ನಲ್ಲಿ ಮೂಲ ಭಾಷೆ ಆರಿಸಿ, ಸಬ್‌ಟೈಟಲ್ ಹಾಕಿ. ಮೂಲ ಭಾಷೆಯಲ್ಲೂ ಪರಭಾಷಾ ನಟರಿಗೆ ಕೆಲವೊಮ್ಮೆ ಬೇರೆಯವರು ಧ್ವನಿ ಕೊಟ್ಟಿರುತ್ತಾರೆ. ಕೊನೆಯ ಟೈಟಲ್ ಕಾರ್ಡ್‌ನಲ್ಲಿ ಡಬ್ಬಿಂಗ್ ಕಲಾವಿದರ ಹೆಸರು ನೋಡಿ. ಖಾತ್ರಿ ಆಗದಿದ್ದರೆ ಧ್ವನಿಯ ಬಗ್ಗೆ ಏನೂ ಬರೆಯಬೇಡಿ, ದೇಹದ ಬಗ್ಗೆ ಬರೆಯಿರಿ.

ಇನ್ನು ಹಾಳೆಗೆ ವಾಪಸ್ ಹೋಗಿ. ಪ್ರತಿ ಚಿತ್ರದ ಎದುರು ಎರಡು ಸಾಲು ಇರುತ್ತದೆ ಅಲ್ವಾ? ಎಲ್ಲ ಕಡೆ ಬರುವ ಮಾತಿಗೆ ಗೆರೆ ಎಳೆಯಿರಿ, ಒಂದೇ ಕಡೆ ಬಂದದ್ದಕ್ಕೆ ಸುತ್ತು ಹಾಕಿ. ಸುತ್ತು ಹಾಕಿದವುಗಳಲ್ಲಿ ಹೆಚ್ಚಿನವು ಅವರೇ ಬರೆದ ಚಿತ್ರಗಳಲ್ಲಿ ಇದ್ದರೆ, ಬೇರೆಯವರು ಬರೆದ ಇನ್ನೂ ಒಂದೆರಡು ಚಿತ್ರ ನೋಡದೆ ತೀರ್ಮಾನಕ್ಕೆ ಬರಬೇಡಿ. ಗೆರೆ ಎಳೆದದ್ದರಲ್ಲಿ ನೀವು ಗುರೂಜಿಯಲ್ಲಿ ಮೆಚ್ಚಿದ್ದೂ ಇದ್ದರೆ, ಅದು ಗುರೂಜಿಯದ್ದಲ್ಲ, ರಾಜ್ ಅವರದ್ದೇ ಸ್ವಂತ ಗುಣ.

ಐದಕ್ಕೂ ಪುರುಸೊತ್ತಿಲ್ಲ, ಒಂದೇ ವಾರಾಂತ್ಯ ಇರುವುದು ಅಂದರೆ ಶನಿವಾರ ‘ಗರುಡ ಗಮನ’, ಭಾನುವಾರ ‘ಸ್ವಾತಿ ಮುತ್ತಿನ ಮಳೆ ಹನಿಯೇ’ ನೋಡಿ. ಈ ಕ್ರಮವನ್ನು ಉಲ್ಟಾ ಮಾಡಬೇಡಿ. ಅನಿಕೇತನ ಮೌನ ನೋಡಿ ಬಂದವರಿಗೆ ಶಿವನ ಗದ್ದಲವೇ ದೊಡ್ಡದಾಗಿ ಕೇಳುತ್ತದೆ, ಅವನ ಮೌನ ತಪ್ಪಿಹೋಗುತ್ತದೆ.